ಮಕ್ಕಳು ಮನೆ ಬಿಡುವ ಮೊದಲೇ ಸಂದೇಶ ತಲುಪಬೇಕು

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಮನೆಯಲ್ಲೇ ಹತ್ತನೇ ಕ್ಲಾಸಿನ 22 ಮಕ್ಕಳಿಗೆ ಗಣಿತ ಟ್ಯೂಷನ್ ಮಾಡುತ್ತೇನೆ. ಮಂಗಳವಾರ, ಶುಕ್ರವಾರ ಸಂಜೆ 5ರಿಂದ 6:30. ಹೋದ ತಿಂಗಳು ಜ್ವರ ಬಂತು. ರಾತ್ರಿ 11ಕ್ಕೆ ವಾಟ್ಸಾಪ್ ಗ್ರೂಪಿಗೆ “ಹುಷಾರಿಲ್ಲ, ನಾಳೆ ಕ್ಲಾಸ್ ಇರಲ್ಲ, ಮಿಸ್ ಆದ ಕ್ಲಾಸ್ ಆಮೇಲೆ ತಗೋತೀನಿ” ಅಂತ ಹಾಕಿದೆ. ಆದರೂ ಆರು ಮಕ್ಕಳು ಮಳೆಯಲ್ಲಿ ಬಂದು ಗೇಟಿನ ಮುಂದೆ ನಿಂತಿದ್ದರು. ಆಮೇಲೆ ಭಾನುವಾರ ಬೆಳಿಗ್ಗೆ 7ಕ್ಕೆ ಆ ಕ್ಲಾಸ್ ಇಟ್ಟರೆ ಒಂಬತ್ತೇ ಜನ ಬಂದರು. ಪೋಷಕರಿಗೂ ಬೇಸರ ಆಯಿತು. ಸಂದೇಶ ಹೇಗೆ ಬರೆಯಬೇಕಿತ್ತು?

ಉತ್ತರ: ಮೊದಲು ಆ ಆರು ಮಕ್ಕಳು ಎಲ್ಲಿಯವರು ಅಂತ ನೋಡಿ. ದುದ್ದ, ಶಾಂತಿಗ್ರಾಮ, ಕಟ್ಟಾಯ, ಆಲೂರು ಕಡೆಯಿಂದ ಬಸ್ಸಿನಲ್ಲಿ ಬರುವವರೇ ಹೆಚ್ಚಿರುತ್ತಾರೆ ಅಂತ ನನ್ನ ಊಹೆ. ನಾನು ಚಿಕ್ಕಮಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಆಮೇಲೆ ಎಷ್ಟೋ ವರ್ಷ ಮನೆಯಲ್ಲಿ ಟ್ಯೂಷನ್ ಮಾಡಿದೆ. ನನ್ನಲ್ಲೂ ಇದೇ ಆಗುತ್ತಿತ್ತು. ಪೇಟೆ ಮಕ್ಕಳು ಸ್ಕೂಲು ಮುಗಿಸಿ ಮನೆಗೆ ಹೋಗಿ, ಕಾಫಿ ತಿಂಡಿ ಆದ ಮೇಲೆ ಟ್ಯೂಷನ್ನಿಗೆ ಬರುತ್ತಾರೆ. ಅಷ್ಟರಲ್ಲಿ ಅಮ್ಮ “ಇವತ್ತು ಕ್ಲಾಸ್ ಇಲ್ವಂತೆ” ಅಂದಿರುತ್ತಾರೆ. ಹಳ್ಳಿ ಮಕ್ಕಳು ಹಾಗಲ್ಲ. ಬೆಳಿಗ್ಗೆ ಏಳೂವರೆ ಬಸ್ಸಿಗೇ ಟ್ಯೂಷನ್ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾರೆ. ಸ್ಕೂಲಿಗೆ ಫೋನ್ ತರುವ ಹಾಗಿಲ್ಲ. ಸ್ಕೂಲು ಬಿಟ್ಟವರು ನೇರವಾಗಿ ನಿಮ್ಮ ಮನೆಗೇ ಬರುತ್ತಾರೆ.

ಇನ್ನು ಗ್ರೂಪಿನಲ್ಲಿರುವ ನಂಬರ್ ಯಾರದ್ದು? ಅಪ್ಪನದ್ದು. ರಾತ್ರಿ 11ಕ್ಕೆ ಅವರು ಮಲಗಿರುತ್ತಾರೆ. ಬೆಳಿಗ್ಗೆ ಹಾಲು ಹಾಕಿ, ತೋಟಕ್ಕೋ ಹೊಲಕ್ಕೋ ಹೋಗಿ, ಒಂಬತ್ತು ಗಂಟೆಗೆ ಫೋನ್ ನೋಡುತ್ತಾರೆ. ಆಗ ನಿಮ್ಮ ಸಂದೇಶ ಕಾಣುತ್ತದೆ, ಆದರೆ ಮಗು ಬಸ್ ಹತ್ತಿ ಒಂದೂವರೆ ಗಂಟೆ ಆಗಿರುತ್ತದೆ.

ಹಾಗಾಗಿ ನಿಮ್ಮ ಕ್ಲಾಸ್ ಸಂಜೆ 5ಕ್ಕಿದ್ದರೂ ಸಂದೇಶದ ಗಡುವು ಬೆಳಿಗ್ಗೆ 7. ಅಷ್ಟರಲ್ಲಿ ಅಪ್ಪ ಅಮ್ಮ ಅದನ್ನು ಓದಿ, ಮಗುವಿಗೂ ಹೇಳಿರಬೇಕು. ಅದಕ್ಕೆ ಹಿಂದಿನ ದಿನ ಸಂಜೆ 7ರಿಂದ 8ರ ಒಳಗೆ ಕಳಿಸುವುದು ಒಳ್ಳೆಯದು. ಆ ಹೊತ್ತಿಗೆ ಎಲ್ಲರೂ ಮನೆ ಸೇರಿರುತ್ತಾರೆ, ಊಟ ಇನ್ನೂ ಆಗಿರುವುದಿಲ್ಲ, ಮಗು ಪಕ್ಕದಲ್ಲೇ ಇರುತ್ತದೆ. ಸಂಜೆ ಮೈ ಬಿಸಿಯಾಗಿ ಕೈಕಾಲು ನೋವು ಶುರುವಾದರೆ, “ರಾತ್ರಿ ಮಾತ್ರೆ ತಗೊಂಡು ನೋಡೋಣ, ಬೆಳಿಗ್ಗೆ ಹೇಳಿದರಾಯಿತು” ಅಂತ ಕಾಯಬೇಡಿ. ನಾವು ಟೀಚರುಗಳು ಇದನ್ನೇ ಮಾಡುತ್ತೇವೆ. ಕ್ಲಾಸ್ ಬಿಡಲು ಮನಸ್ಸಾಗುವುದಿಲ್ಲ, ಅದಕ್ಕೆ ಕೊನೆ ಗಳಿಗೆವರೆಗೂ ತಳ್ಳುತ್ತೇವೆ. ಜ್ವರ ಏಳು ಗಂಟೆಗೇ 101 ಡಿಗ್ರಿ ಇದ್ದರೆ ಮರುದಿನ ಸಂಜೆ ಒಂದೂವರೆ ಗಂಟೆ ಬೋರ್ಡಿನ ಮುಂದೆ ನಿಲ್ಲಲು ಆಗುವುದಿಲ್ಲ. ಆಗಲೇ ತೀರ್ಮಾನ ಮಾಡಿಬಿಡಿ.

ಇನ್ನೊಂದು ತೊಂದರೆ “ನಾಳೆ” ಅನ್ನುವ ಮಾತಿನಲ್ಲಿದೆ. ಒಮ್ಮೆ ನಾನು ರಾತ್ರಿ ಹನ್ನೆರಡು ದಾಟಿದ ಮೇಲೆ “ನಾಳೆ ಕ್ಲಾಸ್ ಇಲ್ಲ” ಅಂತ ಬರೆದೆ. ನನಗೆ ಅದಿನ್ನೂ ಸೋಮವಾರದ ರಾತ್ರಿ. ಆದರೆ ಫೋನಿನ ಲೆಕ್ಕದಲ್ಲಿ ಮಂಗಳವಾರ. ಬೆಳಿಗ್ಗೆ ಎದ್ದು ಓದಿದ ಪೋಷಕರು, ಕ್ಲಾಸ್ ಇಲ್ಲದಿರುವುದು ಬುಧವಾರ ಅಂದುಕೊಂಡರು. ಮಂಗಳವಾರ ಸಂಜೆ ಹದಿನಾಲ್ಕು ಮಕ್ಕಳು ಬಂದರು. ಮೂಡಿಗೆರೆ ರಸ್ತೆಯ ಒಂದು ಹಳ್ಳಿಯಿಂದ ಬರುತ್ತಿದ್ದ ಹುಡುಗಿ ಒಬ್ಬಳಿಗೆ ವಾಪಸ್ ಹೋಗಲು ಏಳು ಗಂಟೆವರೆಗೆ ಬಸ್ಸಿರಲಿಲ್ಲ. ನಾನು ಜ್ವರದಲ್ಲೇ ಎದ್ದು ಅವಳನ್ನು ಒಳಗೆ ಕೂರಿಸಿಕೊಂಡೆ. ಅವಳ ಅಮ್ಮನ ಫೋನ್ ಮೂರು ಸಲ ಬಂತು. ಅಂದಿನಿಂದ ನಾನು ಸಂದೇಶದಲ್ಲಿ “ನಾಳೆ”, “ನಾಡಿದ್ದು”, “ಮುಂದಿನ ವಾರ” ಬರೆಯುವುದನ್ನೇ ಬಿಟ್ಟೆ. ದಿನ, ತಾರೀಖು ಎರಡನ್ನೂ ಬರೆಯುತ್ತೇನೆ. ಬರೀ ತಾರೀಖು ಹಾಕಿದರೆ ಯಾವ ವಾರ ಅಂತ ಜನ ಯೋಚಿಸಬೇಕಾಗುತ್ತದೆ. ಬರೀ ವಾರ ಹಾಕಿದರೆ ಈ ಮಂಗಳವಾರವೋ ಬರುವ ಮಂಗಳವಾರವೋ ಅನ್ನುವ ಗೊಂದಲ. ಎರಡೂ ಇದ್ದರೆ, ಒಂದನ್ನು ನೀವು ತಪ್ಪಾಗಿ ಬರೆದಿದ್ದರೂ ಯಾರಾದರೂ “ಮೇಡಂ, 15 ಮಂಗಳವಾರ ಅಲ್ವಾ?” ಅಂತ ಕೇಳುತ್ತಾರೆ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕಾಯಿಲೆ ಬಗ್ಗೆ ಎಷ್ಟು ಬರೆಯಬೇಕು? “ನನಗೆ ಜ್ವರ ಬಂದಿದೆ” ಅಂದರೆ ಸಾಕು. ಡ್ರಿಪ್ ಹಾಕಿಸಿಕೊಂಡ ಫೋಟೋ, ರಕ್ತಪರೀಕ್ಷೆಯ ಚೀಟಿ ಹಾಕಬೇಡಿ. ನೀವು ಸುಳ್ಳು ಹೇಳುತ್ತಿಲ್ಲ ಅಂತ ಯಾರಿಗೂ ತೋರಿಸಬೇಕಾಗಿಲ್ಲ. ಆದರೆ ಕಾಯಿಲೆ ಹರಡುವಂಥದ್ದಾದರೆ ಹೆಸರು ಹೇಳಲೇಬೇಕು. ಮದ್ರಾಸ್ ಐ ಬಂದಿದ್ದರೆ, ಹಿಂದಿನ ಕ್ಲಾಸಿನಲ್ಲಿ ನೀವು ಮುಟ್ಟಿದ ನೋಟ್‌ಬುಕ್‌ಗಳನ್ನೇ ಮಕ್ಕಳೂ ಮುಟ್ಟಿರುತ್ತಾರೆ. ನಮ್ಮ ಕಡೆ ‘ಅಮ್ಮ’ ಅನ್ನುತ್ತಾರಲ್ಲ, ಆ ಸೀತಾಳೆ ಸಿಡುಬು ಆಗಿದ್ದರೆ ಇನ್ನೂ ಮುಖ್ಯ. ಮೈಮೇಲೆ ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ಹರಡಬಹುದು. ತಗುಲಿದವರಲ್ಲಿ ಕಾಣಿಸಿಕೊಳ್ಳಲು 10ರಿಂದ 21 ದಿನ ಹಿಡಿಯುತ್ತದೆ. ಯಾವುದೋ ಮಗುವಿನ ಮನೆಯಲ್ಲಿ ಬಸುರಿ ಇರಬಹುದು, ಹಸುಗೂಸು ಇರಬಹುದು. ಅವರಿಗೆ ಗೊತ್ತಾಗಲೇಬೇಕು. ಅಂಥ ಸಮಯದಲ್ಲಿ ನಾಚಿಕೊಳ್ಳದೆ ಒಂದು ಸಾಲು ಜಾಸ್ತಿ ಬರೆಯಿರಿ.

ಈಗ ನಿಮ್ಮ ಭಾನುವಾರದ ಕ್ಲಾಸಿಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಮುಖ್ಯ ಅನಿಸಿದ್ದು ಇದೇ.

“ಆಮೇಲೆ ತಗೋತೀನಿ” ಅಂದರೆ ಪೋಷಕರಿಗೆ ಏನೂ ಹೇಳಿದಂತಾಗಲಿಲ್ಲ. ಹಾಗಂತ ಹಾಸಿಗೆಯಲ್ಲಿ ಮಲಗಿಕೊಂಡೇ ಮೊದಲು ನೆನಪಿಗೆ ಬಂದ ದಿನವನ್ನು ಬರೆಯುವುದೂ ತಪ್ಪು. ದಿನ ಹುಡುಕುವ ಮೊದಲು, ಹೋದದ್ದು ಯಾವ ಪಾಠ ಅಂತ ಕೇಳಿಕೊಳ್ಳಿ. ಲೆಕ್ಕ ಬಿಡಿಸುವ ಅಭ್ಯಾಸದ ಕ್ಲಾಸ್ ಆಗಿದ್ದರೆ ಅದನ್ನು ತುಂಡು ಮಾಡಬಹುದು. ಮುಂದಿನ ಮೂರು ಕ್ಲಾಸಿಗೆ ಅರ್ಧರ್ಧ ಗಂಟೆ ಸೇರಿಸಿದರೆ ಒಂದೂವರೆ ಗಂಟೆ ತುಂಬುತ್ತದೆ. ಆದರೆ 6:30ಕ್ಕೆ ಬಿಡುವ ಮಕ್ಕಳನ್ನು ಏಳಕ್ಕೆ ಬಿಟ್ಟರೆ ಬಸ್ ಸಿಗುತ್ತದಾ ಅಂತ ಮೊದಲು ಕೇಳಬೇಕು. ಹೊಸ ಪ್ರಮೇಯ ಹೇಳಿಕೊಡುವ ಕ್ಲಾಸ್ ಆಗಿದ್ದರೆ ತುಂಡು ಮಾಡಲು ಬರುವುದಿಲ್ಲ. ಅದು ಒಂದೇ ಕೂತಿಗೆ ಆಗಬೇಕು. ಮುಂದಿನ ಪಾಠವೆಲ್ಲ ಅದರ ಮೇಲೇ ನಿಂತಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜುಲೈ 15, ಮಂಗಳವಾರ ನೀವು ತ್ರಿಭುಜಗಳ ಅಧ್ಯಾಯದಲ್ಲಿ ಥೇಲ್ಸ್ ಪ್ರಮೇಯ ಮಾಡಬೇಕಿತ್ತು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ ಅನ್ನುವುದು. 18, ಶುಕ್ರವಾರ ಅದರ ಮೇಲಿನ ಲೆಕ್ಕಗಳು. ಈಗ ಮಂಗಳವಾರದ ಕ್ಲಾಸ್ ಹೋಯಿತು. ತಪ್ಪಿದ್ದು ಪ್ರಮೇಯ, ಅದನ್ನು ಭಾನುವಾರ ತುಂಬಿಸುತ್ತೇನೆ ಅಂದರೆ ಶುಕ್ರವಾರ ಏನು ಮಾಡುತ್ತೀರಿ? ಪ್ರಮೇಯವೇ ಗೊತ್ತಿಲ್ಲದೆ ಲೆಕ್ಕ ಮಾಡಿಸಲು ಆಗುವುದಿಲ್ಲ. ಅದಕ್ಕೆ ಪ್ರಮೇಯವನ್ನು ಶುಕ್ರವಾರಕ್ಕೆ ತನ್ನಿ, ಶುಕ್ರವಾರದ ಲೆಕ್ಕಗಳನ್ನು ಹೆಚ್ಚುವರಿ ಕ್ಲಾಸಿಗೆ ಕಳಿಸಿ. ಹೀಗೆ ಮಾಡಿದರೆ ಹೆಚ್ಚುವರಿ ಕ್ಲಾಸಿಗೆ ಯಾರಾದರೂ ಬರಲಾಗದಿದ್ದರೂ ಅವರ ಕೈಬಿಟ್ಟು ಹೋಗುವುದು ಅಭ್ಯಾಸ ಮಾತ್ರ. ಅದನ್ನು ಮನೆಯಲ್ಲಿ ಮಾಡಿಕೊಂಡು ಬಂದು ತೋರಿಸಬಹುದು. ನಿಮ್ಮ ಬೆಳಿಗ್ಗೆ ಏಳರ ಕ್ಲಾಸಿಗೆ ಬಾರದ ಹದಿಮೂರು ಮಕ್ಕಳಿಗೆ ಹೋದದ್ದು ಹೊಸ ಪಾಠವೇ ಆಗಿದ್ದರೆ, ಆ ಮಕ್ಕಳು ಇನ್ನೂ ಅಲ್ಲೇ ನಿಂತಿರಬಹುದು. ಒಂದು ಸಲ ಪರೀಕ್ಷಿಸಿ ನೋಡಿ.

ಇದರಿಂದ ಇನ್ನೊಂದು ಅನುಕೂಲವೂ ಇದೆ. ಹೆಚ್ಚುವರಿ ಕ್ಲಾಸ್ ಇದೇ ವಾರವೇ ಆಗಬೇಕು ಅನ್ನುವ ಅವಸರ ಇರುವುದಿಲ್ಲ. ನಿಮಗೂ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ಮಳೆಗಾಲದ ಸಾಮಾನ್ಯ ಜ್ವರ ಮೂರ್ನಾಲ್ಕು ದಿನದಲ್ಲಿ ಇಳಿದರೂ ಗಂಟಲು ಕಟ್ಟಿರುತ್ತದೆ. ಡೆಂಗಿ ಆಗಿದ್ದರೆ ಜ್ವರವೇ ಒಂದು ವಾರದವರೆಗೆ ಇರಬಹುದು, ಸುಸ್ತು ಅದಕ್ಕಿಂತ ಹೆಚ್ಚು ದಿನ ಕಾಡುತ್ತದೆ. ಸೋಮವಾರ ಸಂಜೆ ಜ್ವರ ಬಂದಾಗ ಅದು ಯಾವುದು ಅಂತ ನಿಮಗೆ ಗೊತ್ತಿರುವುದಿಲ್ಲ. ಆಗ 20ನೇ ತಾರೀಖು, ಭಾನುವಾರ ಅಂತ ಮಾತು ಕೊಟ್ಟು, ಅದನ್ನೂ ರದ್ದು ಮಾಡಬೇಕಾಗಿ ಬಂದರೆ ಪೋಷಕರಿಗೆ ನಿಮ್ಮ ಸಂದೇಶದ ಮೇಲೆ ನಂಬಿಕೆ ಹೋಗುತ್ತದೆ. ನಾನಾದರೆ 27, ಭಾನುವಾರ ಇಡುತ್ತೇನೆ.

ಶನಿವಾರ ಮಧ್ಯಾಹ್ನ ಯಾಕೆ ಬೇಡ ಅಂತ ಕೇಳಬಹುದು. ಬೇರೆ ತಿಂಗಳಲ್ಲಿ ಅದು ಒಳ್ಳೆಯ ಹೊತ್ತೇ. ಬೆಳಗಿನ ಸ್ಕೂಲು ಮುಗಿದಿರುತ್ತದೆ, ಮಕ್ಕಳು ಊರಿನಲ್ಲೇ ಇರುತ್ತಾರೆ. ಆದರೆ ಜುಲೈ, ಆಗಸ್ಟಿನಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಮಳೆ ರಜೆ ಬರುತ್ತಿರುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ತಾಲ್ಲೂಕುಗಳಿಗಂತೂ ಜಾಸ್ತಿ. ಆ ರಜೆ ತುಂಬಿಸಲು ಸ್ಕೂಲಿನವರು ಶನಿವಾರ ಪೂರ್ತಿ ದಿನ ಪಾಠ ಇಡುತ್ತಾರೆ. ನಿಮ್ಮ ತಪ್ಪಿದ ಕ್ಲಾಸು, ಅವರ ತಪ್ಪಿದ ಕ್ಲಾಸು ಎರಡೂ ಒಂದೇ ಶನಿವಾರಕ್ಕೆ ಬಂದು ಕೂರುತ್ತವೆ.

ಭಾನುವಾರ ಅಂದರೆ ಬೆಳಿಗ್ಗೆ 7 ಬೇಡ. ಮೊದಲ ಬಸ್ಸಿಗೇ ಹೊರಟರೂ ಹಳ್ಳಿಯ ಮಗು ಅಷ್ಟು ಹೊತ್ತಿಗೆ ತಲುಪುವುದು ಕಷ್ಟ. ಭಾನುವಾರ ಕೆಲವು ಬಸ್ ಓಡುವುದೂ ಇಲ್ಲ. ಚರ್ಚಿಗೆ ಹೋಗುವ ಮಕ್ಕಳಿದ್ದರೆ ಅವರಿಗೂ ಬೆಳಗಿನ ಹೊತ್ತು ಆಗುವುದಿಲ್ಲ. 10:30ರಿಂದ 12 ಇಟ್ಟರೆ ಹೆಚ್ಚಿನವರಿಗೆ ಹೊಂದುತ್ತದೆ, ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ. ಇದೇ ಡಿಸೆಂಬರ್ ಆಗಿದ್ದರೆ ನಾನು ಭಾನುವಾರವನ್ನೂ ಯೋಚಿಸಿಯೇ ಇಡುತ್ತಿದ್ದೆ. ಆಗ ಕಾಫಿ ಕುಯ್ಲು. ಸಣ್ಣ ತೋಟದವರ ಮನೆಯಲ್ಲಿ ಭಾನುವಾರ ಮಕ್ಕಳೂ ಕೈಹಾಕುತ್ತಾರೆ. ಹಾಸನದವರಿಗೆ ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳಲ್ಲಂತೂ ಹೆಚ್ಚುವರಿ ಕ್ಲಾಸ್ ಬೇಡವೇ ಬೇಡ. ಆ ದಿನಗಳಲ್ಲಿ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ.

ಇಷ್ಟು ತೀರ್ಮಾನವಾದ ಮೇಲೆ ಬರೆಯಲು ಐದು ನಿಮಿಷ ಸಾಕು. ಜುಲೈ 14, ಸೋಮವಾರ ಸಂಜೆ 7ಕ್ಕೆ ಕಳಿಸುವ ಸಂದೇಶ ನನ್ನ ಪ್ರಕಾರ ಹೀಗಿರಬೇಕು:

“ಜುಲೈ 15, ಮಂಗಳವಾರ ಸಂಜೆ 5ರ ಗಣಿತ ಕ್ಲಾಸ್ ಇಲ್ಲ. ನನಗೆ ಜ್ವರ ಬಂದಿದೆ. ದಯವಿಟ್ಟು ಮಕ್ಕಳಿಗೆ ಈಗಲೇ ಹೇಳಿ. ಸ್ಕೂಲಿನಿಂದ ನೇರವಾಗಿ ಮನೆಗೆ ಹೋಗಲಿ.

ಜುಲೈ 18, ಶುಕ್ರವಾರದ ಕ್ಲಾಸ್ ಎಂದಿನಂತೆ 5ಕ್ಕೆ ಇದೆ. ನನಗೆ ಹುಷಾರಾಗದಿದ್ದರೆ 17, ಗುರುವಾರ ಸಂಜೆ 7ರೊಳಗೆ ಇಲ್ಲೇ ತಿಳಿಸುತ್ತೇನೆ.

ತಪ್ಪಿದ ಕ್ಲಾಸನ್ನು ಜುಲೈ 27, ಭಾನುವಾರ ಬೆಳಿಗ್ಗೆ 10:30ರಿಂದ 12ರವರೆಗೆ ನಮ್ಮ ಮನೆಯಲ್ಲೇ ಮಾಡುತ್ತೇನೆ. ಆ ದಿನ ಬರಲು ಆಗದವರು ನನಗೆ ಬೇರೆಯಾಗಿ ಸಂದೇಶ ಕಳಿಸಿ.

ಓದಿದವರು ಮಗುವಿನ ಹೆಸರು ಬರೆಯಿರಿ.”

ಮೊದಲ ಸಾಲನ್ನು ಗಮನಿಸಿ. “ಆತ್ಮೀಯ ಪೋಷಕರೇ, ತಮ್ಮೆಲ್ಲರ ಗಮನಕ್ಕೆ ತರುವುದೇನೆಂದರೆ” ಅಂತ ಶುರು ಮಾಡಿದರೆ ಫೋನಿನ ಪರದೆ ಮೇಲೆ ಕಾಣುವುದು ಅಷ್ಟೇ. ತೆರೆಯದೆ ಹೋಗುವವರೇ ಜಾಸ್ತಿ. ತಾರೀಖು, “ಕ್ಲಾಸ್ ಇಲ್ಲ” ಎರಡೂ ಮೊದಲ ಸಾಲಿನಲ್ಲೇ ಇದ್ದರೆ ತೆರೆಯದಿದ್ದವರಿಗೂ ವಿಷಯ ಮುಟ್ಟುತ್ತದೆ. ಮರ್ಯಾದೆ ಕಡಿಮೆ ಆಯಿತು ಅಂತ ಯಾವ ಪೋಷಕರೂ ಅಂದುಕೊಳ್ಳುವುದಿಲ್ಲ.

ಮನೆಯಲ್ಲಿ ಮಾಡಲು ಕೊಡುವ ಕೆಲಸವನ್ನು ಇದೇ ಸಂದೇಶಕ್ಕೆ ಸೇರಿಸಬೇಡಿ. ಅದು ಮಕ್ಕಳಿಗೆ, ಇದು ದೊಡ್ಡವರಿಗೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಹಾಕಿ. ಥೇಲ್ಸ್ ಪ್ರಮೇಯಕ್ಕೆ ನಾನು ಕೊಡುತ್ತಿದ್ದ ಕೆಲಸ ಇದು. ಆಕಾರ ಬೇರೆ ಬೇರೆಯಾದ ಮೂರು ತ್ರಿಭುಜ ABC ಬರೆಯಬೇಕು, ಮೂರರಲ್ಲೂ AB 8 ಸೆಂ.ಮೀ. A ಯಿಂದ 3 ಸೆಂ.ಮೀ. ದೂರದಲ್ಲಿ AB ಮೇಲೆ D ಗುರುತಿಸಿ, BC ಗೆ ಸಮಾಂತರವಾಗಿ DE ಎಳೆಯಬೇಕು. E ಬಿಂದು AC ಮೇಲೆ ಬರುತ್ತದೆ. ಆಮೇಲೆ AE, EC ಅಳೆದು ಭಾಗಿಸಬೇಕು. AD ಯನ್ನು DB ಯಿಂದ ಭಾಗಿಸಿದರೆ 3/5, ಅಂದರೆ 0.6. ಮೂರು ತ್ರಿಭುಜದಲ್ಲೂ AE, EC ಭಾಗಿಸಿದಾಗ 0.6ರ ಹತ್ತಿರವೇ ಬರುತ್ತದೆ. ಇದಕ್ಕೆ ಟೀಚರ್ ಬೇಕಾಗಿಲ್ಲ. ಶುಕ್ರವಾರ ಮಕ್ಕಳು “ಮೇಡಂ, ಯಾಕೆ ಎಲ್ಲದರಲ್ಲೂ ಒಂದೇ ಬರುತ್ತೆ?” ಅಂತ ಕೇಳಿಕೊಂಡೇ ಒಳಗೆ ಬರುತ್ತಾರೆ. ಸಾಧನೆ ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. “ಪುಟ ಇಷ್ಟರಿಂದ ಇಷ್ಟು ಓದಿಕೊಳ್ಳಿ” ಅಂದರೆ ಯಾರೂ ಓದುವುದಿಲ್ಲ.

ಕಳಿಸಿದ ಮೇಲೆ ಮಲಗಿಬಿಡಬೇಡಿ. ಒಂದು ಗಂಟೆ ಕಾಯಿರಿ. ಎಂಟು ಗಂಟೆಗೆ ಹೆಸರು ಬರೆದವರನ್ನು ಎಣಿಸಿ. 22ರಲ್ಲಿ ಹದಿನೈದು ಬಂದಿದ್ದರೆ ಉಳಿದ ಏಳರಲ್ಲಿ ಹಳ್ಳಿಯಿಂದ ಬರುವವರಿಗೆ ಮೊದಲು ಫೋನ್ ಮಾಡಿ. ನಿಮ್ಮ ಕೈಲಿ ಆಗದಿದ್ದರೆ ಮನೆಯಲ್ಲಿ ಯಾರಾದರೂ ಮಾಡಲಿ. ಗ್ರೂಪಿನಲ್ಲಿ ನಿಮ್ಮ ಸಂದೇಶವನ್ನು ಒತ್ತಿ ಹಿಡಿದು Info ನೋಡಿದರೆ ಯಾರು ಓದಿದ್ದಾರೆ, ಯಾರಿಗೆ ತಲುಪಿದೆ ಅಂತ ಗೊತ್ತಾಗುತ್ತದೆ. ಕೆಲವರು ನೀಲಿ ಗುರುತು ಬರದಂತೆ ಮಾಡಿಕೊಂಡಿರುತ್ತಾರೆ, ಆದರೆ ಗ್ರೂಪಿನಲ್ಲಿ ಅದು ನಡೆಯುವುದಿಲ್ಲ, ಓದಿದ್ದು ಕಾಣುತ್ತದೆ. ಯಾರ ಹೆಸರು ಎರಡು ಕಡೆಯೂ ಇಲ್ಲವೋ ಅವರ ಫೋನಿಗೆ ಸಂದೇಶ ಹೋಗಿಯೇ ಇಲ್ಲ. ಮಳೆಗೆ ಕರೆಂಟ್ ಹೋಗಿ ಟವರ್ ನಿಂತಿರಬಹುದು. ಅಂಥ ಕಡೆ ಮಾಮೂಲಿ ಎಸ್ಸೆಮ್ಮೆಸ್ ಕೂಡ ಕಳಿಸಿ. ಅದು ಇಂಟರ್‌ನೆಟ್ ಇಲ್ಲದಿದ್ದರೂ, ಸ್ವಲ್ಪ ಸಿಗ್ನಲ್ ಬಂದ ಕೂಡಲೇ ಹೋಗಿ ಮುಟ್ಟುತ್ತದೆ. ಕೀಪ್ಯಾಡ್ ಫೋನ್ ಇರುವ ಮನೆಗಳಿಗೆ ಅದೇ ಗತಿ.

ಒಂದು ಸಣ್ಣ ವಿಷಯ. ಜ್ವರ ಅಂದ ಕೂಡಲೇ ಪೋಷಕರು “ಬೇಗ ಹುಷಾರಾಗಿ ಮೇಡಂ”, “ರೆಸ್ಟ್ ತಗೊಳ್ಳಿ” ಅಂತ ಪ್ರೀತಿಯಿಂದ ಬರೆಯುತ್ತಾರೆ. ಮೂವತ್ತು ಸಂದೇಶದ ಕೆಳಗೆ ನಿಮ್ಮದು ಹೂತುಹೋಗುತ್ತದೆ. ಹಾಗಾಗಿ ಕಳಿಸಿದ ಕೂಡಲೇ ಅದನ್ನು ಪಿನ್ ಮಾಡಿ. 24 ಗಂಟೆ, 7 ದಿನ, 30 ದಿನ ಅಂತ ಕೇಳುತ್ತದೆ. 30 ದಿನ ಒತ್ತಿ, 27ನೇ ತಾರೀಖು ಮುಗಿದ ಮೇಲೆ ತೆಗೆಯಿರಿ. ತಾರೀಖು ತಪ್ಪಾಗಿ ಬರೆದಿದ್ದರೆ 15 ನಿಮಿಷದ ಒಳಗೆ ತಿದ್ದಬಹುದು, ಆದರೆ ಅಷ್ಟರಲ್ಲಿ ಓದಿದವರು ಮತ್ತೆ ತೆರೆದು ನೋಡುವುದಿಲ್ಲ. ತಿದ್ದುವುದರ ಬದಲು ಅಳಿಸಿ, “ಹಿಂದಿನ ಸಂದೇಶದಲ್ಲಿ ತಾರೀಖು ತಪ್ಪಾಗಿತ್ತು” ಅಂತ ಹೇಳಿ ಹೊಸದಾಗಿ ಹಾಕಿ.

ಮಂಗಳವಾರ ಮಧ್ಯಾಹ್ನವೇ ಕಾಯಿಲೆ ಬಿದ್ದರೆ? ಆಗ ಗ್ರೂಪಿನ ಸಂದೇಶ ಪೇಟೆ ಮಕ್ಕಳಿಗೆ ಮಾತ್ರ ಉಪಯೋಗ. ಹಳ್ಳಿ ಮಕ್ಕಳು ಹೇಗೂ ಬರುತ್ತಾರೆ ಅಂದುಕೊಂಡೇ ತಯಾರಾಗಿ. ಗೇಟಿಗೆ ದೊಡ್ಡ ಅಕ್ಷರದಲ್ಲಿ ಬರೆದ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಟ್ಟಿ, ಇಲ್ಲದಿದ್ದರೆ ಮಳೆಗೆ ಅಕ್ಷರ ಕರಗುತ್ತದೆ. ಬಾಗಿಲು ಮುಚ್ಚಬೇಡಿ. ನಿಮಗೆ ಹರಡುವ ಕಾಯಿಲೆ ಇದ್ದರೆ ನೀವು ಒಳಗಿನ ಕೋಣೆಯಲ್ಲಿರಿ, ಮಕ್ಕಳು ಜಗಲಿಯಲ್ಲೋ ಹೊರಗಿನ ಕೋಣೆಯಲ್ಲೋ ಬಸ್ ಹೊತ್ತಿನವರೆಗೆ ಕೂತಿರಲಿ. ಮನೆಯವರು ಒಬ್ಬೊಬ್ಬ ಮಗುವಿನ ಅಪ್ಪ ಅಮ್ಮನಿಗೂ ಫೋನ್ ಮಾಡಿ, “ಇಂಥ ಬಸ್ಸಿಗೆ ಹತ್ತಿಸಿದ್ದೇವೆ” ಅಂತ ಹೇಳಲಿ. ಆ ಆರು ಮಕ್ಕಳ ಪೋಷಕರಿಗೆ ಕ್ಲಾಸ್ ಹೋದದ್ದಕ್ಕಿಂತ ಹೆಚ್ಚಾಗಿ, ಮಗು ಒಂದೂವರೆ ಗಂಟೆ ಎಲ್ಲಿತ್ತು ಅಂತ ಗೊತ್ತಾಗದೇ ಬೇಸರ ಆಗಿರಬಹುದು.

18, ಶುಕ್ರವಾರವೂ ಆಗದಿದ್ದರೆ ಗುರುವಾರ ಸಂಜೆ 7ಕ್ಕೆ ಅದೇ ಅಚ್ಚಿನಲ್ಲಿ ಇನ್ನೊಂದು ಸಂದೇಶ ಹಾಕಿ. ಅದರಲ್ಲಿ 27ರ ಕ್ಲಾಸ್ ಹಾಗೇ ಇದೆ ಅನ್ನುವುದನ್ನೂ ಹೇಳಿ, ಇಲ್ಲದಿದ್ದರೆ ಅದೂ ರದ್ದಾಯಿತು ಅಂದುಕೊಳ್ಳುತ್ತಾರೆ. ಎರಡನೇ ತಪ್ಪಿದ ಕ್ಲಾಸಿಗೆ ಮಾತ್ರ ಅವತ್ತೇ ದಿನ ಕೊಡಬೇಡಿ. ಹುಷಾರಾಗಿ ಒಂದು ಕ್ಲಾಸ್ ಮಾಡಿದ ಮೇಲೆ, ಮಕ್ಕಳನ್ನು ಎದುರಿಗೇ ಕೇಳಿ ಗೊತ್ತು ಮಾಡಿ. ತಿಂಗಳೊಳಗೆ ತುಂಬಿಸಲು ಆಗಲೇ ಇಲ್ಲ ಅಂದರೆ ಆ ಕ್ಲಾಸಿನ ಫೀಸನ್ನು ಮುಂದಿನ ತಿಂಗಳಲ್ಲಿ ಕಡಿಮೆ ಮಾಡಿ, ಪೋಷಕರು ಕೇಳುವ ಮೊದಲೇ ಹೇಳಿ.

ಮತ್ತೆ, 26, ಶನಿವಾರ ಸಂಜೆ 7ಕ್ಕೆ “ಜುಲೈ 27, ಭಾನುವಾರ 10:30ಕ್ಕೆ ಕ್ಲಾಸ್ ಇದೆ” ಅಂತ ಒಂದೇ ಒಂದು ಸಾಲು ಕಳಿಸಲು ಮರೆಯಬೇಡಿ. ಹನ್ನೆರಡು ದಿನದ ಹಿಂದೆ ಓದಿದ್ದು ಯಾರಿಗೂ ನೆನಪಿರುವುದಿಲ್ಲ.